ದಂಡವಿಲ್ಲದ ಕೊನೆಯ ಶುಕ್ರವಾರ

ಕಪಿಲನಿಗೆ ತಾಯಿ ಇಟ್ಟ ಹೆಸರು ಒಂದಾದರೆ ಕಮಲಾಪುರ ಇಟ್ಟ ಹೆಸರು ಇನ್ನೊಂದು. ಊರು ಹೆಸರಿಟ್ಟದ್ದು ಕಳೆದ ನವೆಂಬರಿನಲ್ಲಿ. ಕಾಲೇಜಿನ ವಾಣಿಜ್ಯ ವಿಭಾಗಕ್ಕೆ ಅವನು ಗುಮಾಸ್ತನಾಗಿ ಬಂದ ಮೊದಲ ಪರೀಕ್ಷೆಯ ಕಾಲ ಅದು. ಕಲಬುರಗಿಯ ಆಡಳಿತ ಮಂಡಳಿಯಿಂದ ಸುತ್ತೋಲೆ ಬಂದಿತ್ತು. ದಂಡವಿಲ್ಲದೆ ಪರೀಕ್ಷಾ ಶುಲ್ಕ ಕಟ್ಟಲು ಕೊನೆಯ ದಿನ ಶನಿವಾರ ಎಂದು ಅದರಲ್ಲಿತ್ತು. ಇವನು ಅದನ್ನೇ ದುಂಡಗಿನ ಅಕ್ಷರದಲ್ಲಿ ಬರೆದು ಸೂಚನಾ ಫಲಕಕ್ಕೆ ಅಂಟಿಸಿದ. ಹುಡುಗರು, ಲೋಕದ ಎಲ್ಲ ಹುಡುಗರಂತೆ, ಕೊನೆಯ ದಿನವೇ ಬಂದರು. ಬಂದು ನೋಡಿದರೆ ಶುಲ್ಕದ ಕಿಟಕಿಗೆ ಬೀಗ.

ಬೀಗ ಬಿದ್ದದ್ದರಲ್ಲಿ ಆಶ್ಚರ್ಯವೇನೂ ಇರಲಿಲ್ಲ. ಕಮಲಾಪುರದ್ದು ಶಾಖೆ. ಅಲ್ಲಿ ಶುಲ್ಕ ತೆಗೆದುಕೊಳ್ಳುವ ನೋಮಾನ್ ಕಲಬುರಗಿಯ ಕಚೇರಿಯಿಂದ ಮಂಗಳವಾರ ಮತ್ತು ಶುಕ್ರವಾರ ಮಾತ್ರ ಬರುತ್ತಾನೆ. ಇದು ಊರಿಗೆಲ್ಲ ಗೊತ್ತು, ಕಪಿಲನಿಗೂ ಗೊತ್ತು. ಆದರೆ ಗೊತ್ತಿದ್ದದ್ದು ತಲೆಯ ಒಂದು ಮೂಲೆಯಲ್ಲಿತ್ತು, ಸುತ್ತೋಲೆಯ ಶನಿವಾರ ಇನ್ನೊಂದು ಮೂಲೆಯಲ್ಲಿತ್ತು. ಎರಡೂ ಒಂದನ್ನೊಂದು ನೋಡಲಿಲ್ಲ. ಮಂಗಳವಾರ ಎಲ್ಲರೂ ದಂಡ ಸಮೇತ ಕಟ್ಟಿದರು. ಅಂದಿನಿಂದ ಇವನು 'ದಂಡ ಸರ್' ಆದ. ಬಸ್ ಸ್ಟ್ಯಾಂಡಿನ ಚಹಾದಂಗಡಿಯ ಗುಂಡಣ್ಣ ಸಹ, "ದಂಡ ಸರಗ ಒಂದು ಕಡಕ್ ಚಾ" ಎಂದು ಒಳಗೆ ಕೂಗುತ್ತಿದ್ದ.

ಹಾಗೆ ಕರೆಯದವಳು ವಿಜಯಶ್ರೀ ಒಬ್ಬಳೇ. ದಂಡದ ದುಡ್ಡಿಗಾಗಿ ಅವಳು ಪಾಠ ಬಿಟ್ಟು ಬಾಳೆತೋಟದಲ್ಲಿ ಗೊನೆ ಹೊರಲು ಹೋಗಿದ್ದಳು. ಮರಳಿ ಬಂದಾಗ, "ಇರ್ಲಿ ಬಿಡ್ರಿ ಸರ, ನಿಮಗೂ ಗೊತ್ತಿರ್ಲಿಲ್ಲಲ್ಲ" ಎಂದು ನಕ್ಕಳು. ಊರಿನವರ ಕುಚೋದ್ಯವನ್ನೆಲ್ಲ ಕಪಿಲ ಚಹಾದ ಜೊತೆ ನುಂಗಿದ್ದ. ಆ ಒಂದು ನಗು ಮಾತ್ರ ಅವನ ಗಂಟಲಲ್ಲೇ ಉಳಿದಿತ್ತು. ಮುಂದಿನ ಸಲ ತನ್ನ ಚೀಟಿ ನಂಬಿ ಯಾರೂ ದಂಡ ಕಟ್ಟಬಾರದು ಎಂದು ಅವನು ಅಂದೇ ಗಟ್ಟಿ ಮಾಡಿಕೊಂಡಿದ್ದ.

ಮುಂದಿನ ಸಲ ಎನ್ನುವುದು ಮೇ ತಿಂಗಳ ಉರಿಬಿಸಿಲಿನಲ್ಲಿ ಬಂತು. ಶನಿವಾರ ಬೆಳಿಗ್ಗೆ ಹೊಸ ಸುತ್ತೋಲೆ ಮೇಜಿಗೆ ಬಿದ್ದಾಗ ಕಪಿಲ ಅದನ್ನು ಮೊದಲು ಅಂಗೈಯಲ್ಲಿಟ್ಟು ತೂಗಿ ನೋಡಿದ. ಏಳು ಪುಟ. ಬರೆದವರು ಆಡಳಿತ ಮಂಡಳಿ ಕಚೇರಿಯ ಅಧೀಕ್ಷಕ ವೇದವ್ಯಾಸರು. ಅವರ ಸುತ್ತೋಲೆಯಲ್ಲಿ ಮೊದಲೆರಡು ಪುಟ ಸಂಸ್ಥಾಪಕರ ದೂರದೃಷ್ಟಿಗೆ, ಕೊನೆಯ ಪುಟ ಕೃತಜ್ಞತೆಗೆ. ನಡುವೆ ಶಿಸ್ತು, ಗುರುತಿನ ಚೀಟಿ, ಸೈಕಲ್ ನಿಲ್ಲಿಸುವ ಜಾಗ. ತಾರೀಖುಗಳು ಇವುಗಳ ನಡುವೆ ತೊಗರಿಯಲ್ಲಿ ಕಲ್ಲು ಅಡಗಿದಂತೆ ಅಡಗಿರುತ್ತಿದ್ದವು.

"ಬಂತೇನ್ರಿ ಪುರಾಣ?" ಎನ್ನುತ್ತ ಮಂಜುಷಾ ಮೇಡಂ ಒಳಗೆ ಬಂದರು. ಅವರು ವಾಣಿಜ್ಯ ವಿಭಾಗದ ಮುಖ್ಯಸ್ಥೆ. ದಿನಾ ಕಲಬುರಗಿಯ ಬ್ರಹ್ಮಪುರದಿಂದ ಬಸ್ಸಿನಲ್ಲಿ ಬಂದು ಹೋಗುವವರು. ವೇದವ್ಯಾಸರು ಅವರಿಗೆ ಸ್ವಂತ ಕಾಕಾ. ಹಾಗಾಗಿ ಅವರ ಬರವಣಿಗೆಯನ್ನು ಹಂಗಿಸುವ ಹಕ್ಕು ಕಾಲೇಜಿನಲ್ಲಿ ಮಂಜುಷಾ ಮೇಡಂಗೆ ಮಾತ್ರ ಇತ್ತು.

"ಬಂದದ್ರಿ ಮೇಡಂ. ಈ ಸಲ ನಾ ಒಬ್ಬಾಂವ ಬರಿಯಂಗಿಲ್ರಿ. ನೀವೂ ಕೂಡ್ರಿ."

"ಯಾಕ್ರಿ, ದಂಡಕ್ಕ ಅಂಜೀರೇನು?"

"ಹೆಸರಿಗೆ ಅಂಜೀನ್ರಿ."

ಮಂಜುಷಾ ಮೇಡಂ ಒಂದು ಬಿಳಿ ಹಾಳೆ ತೆಗೆದು ಅಡ್ಡಕ್ಕೆ ಇಟ್ಟು ಎರಡು ಗೆರೆ ಎಳೆದರು. ಮೂರು ಕಾಲಮ್ಮು. ಒಂದರ ಮೇಲೆ 'ಪರೀಕ್ಷೆ', ಒಂದರ ಮೇಲೆ 'ಶುಲ್ಕ', ಮತ್ತೊಂದರ ಮೇಲೆ 'ಕಾಗದ' ಎಂದು ಬರೆದರು. "ನೀವು ಓದ್ರಿ. ತಾರೀಖು ಬಂದ್ರ ನಿಲ್ರಿ, ಏನರ ಕಾಗದ ಕೇಳಿದ್ರ ನಿಲ್ರಿ. ಇಲ್ಲಂದ್ರ ದಾಟ್ರಿ."

ಕಪಿಲ ಗಂಟಲು ಸರಿಪಡಿಸಿಕೊಂಡ. "'ಜ್ಞಾನದ ದೀವಿಗೆಯನ್ನು ಈ ನೆಲದಲ್ಲಿ ಪ್ರಥಮತಃ ಬೆಳಗಿಸಿದ ಸಂಸ್ಥಾಪಕರ ಪುಣ್ಯಸ್ಮರಣೆಯೊಂದಿಗೆ...'"

"ತಾರೀಖು ಅದ ಏನ್ರಿ?"

"ಇಲ್ರಿ."

"ದಾಟ್ರಿ."

"'ವಿದ್ಯಾರ್ಥಿಯ ಜೀವನದಲ್ಲಿ ಪರೀಕ್ಷೆ ಎಂಬುದು ಬಂಗಾರವನ್ನು ಪುಟಕ್ಕಿಡುವ...'"

"ದಾಟ್ರಿ, ದಾಟ್ರಿ. ಅದು ನನ್ನ ಮದುವಿ ಕಾರ್ಡಿನ್ಯಾಗೂ ಬರ್ದಿದ್ದ ನಮ್ಮ ಕಾಕಾ. ಪರೀಕ್ಷೆ ಇದ್ದಲ್ಲಿ ಸಂಸಾರ ಅಂತ ಇತ್ತು, ಅಷ್ಟ."

ಹೀಗೆ ದಾಟುತ್ತ ದಾಟುತ್ತ ಮೂರನೇ ಪುಟದಲ್ಲಿ ಮೊದಲ ಕಲ್ಲು ಸಿಕ್ಕಿತು. ಆಂತರಿಕ ಪರೀಕ್ಷೆ ಮೇ ಹನ್ನೊಂದರಿಂದ ಹದಿಮೂರು. ಮುಖ್ಯ ಪರೀಕ್ಷೆ ಜೂನ್ ಒಂದರಿಂದ, ವಿಶ್ವವಿದ್ಯಾಲಯದ ವೇಳಾಪಟ್ಟಿಗೆ ಒಳಪಟ್ಟು. ಕಪಿಲ "ಜೂನ್ ಒಂದು" ಎಂದಷ್ಟೇ ಹೇಳಿದ. ಮೇಡಂ ಪೆನ್ನು ಎತ್ತಿಕೊಂಡೇ ಕುಳಿತರು. "ಒಳಪಟ್ಟು ಅನ್ನೋದನ್ನ ಬಿಡಬ್ಯಾಡ್ರಿ. ನಾಳೆ ಅವರು ತಾರೀಖು ಬದ್ಲು ಮಾಡಿದ್ರ ಹುಡುಗ್ರು ನಿಮ್ಮನ್ನ ಹಿಡೀತಾರ." ಬರೆದರು. ನಾಲ್ಕನೇ ಪುಟದಲ್ಲಿ ಶುಲ್ಕ. ದಂಡವಿಲ್ಲದೆ ಮೇ ಹದಿನೆಂಟರವರೆಗೆ, ದಂಡದೊಂದಿಗೆ ಇಪ್ಪತ್ತೆರಡರವರೆಗೆ. ಐದನೆಯದರಲ್ಲಿ ಕಾಗದಗಳು. ಪೋರ್ಟಲ್‌ನಲ್ಲಿ ತುಂಬಿದ ಅರ್ಜಿಯ ಪ್ರಿಂಟು, ಹಾಜರಾತಿ ಪ್ರಮಾಣಪತ್ರ, ಹಿಂದಿನ ಸೆಮಿಸ್ಟರಿನ ಅಂಕಪಟ್ಟಿಯ ನಕಲು, ಶುಲ್ಕ ರಿಯಾಯಿತಿ ಕೇಳುವವರಿಗೆ ಜಾತಿ ಮತ್ತು ಆದಾಯದ ಪ್ರಮಾಣಪತ್ರ.

ಆರನೇ ಪುಟಕ್ಕೆ ಬರುವ ಹೊತ್ತಿಗೆ ಇಬ್ಬರಿಗೂ ದಾಟುವುದೇ ಚಟವಾಗಿತ್ತು. "'ಬೇಸಿಗೆಯ ಪ್ರಯುಕ್ತ ಕುಡಿಯುವ ನೀರಿನ ಮಡಕೆಗಳನ್ನು...'" ಎಂದು ಕಪಿಲ ಶುರು ಮಾಡಿದ.

"ದಾಟ್ರಿ."

ದಾಟಿದ. ದಾಟಿದ ಮೇಲೆ ಅವನ ಕಣ್ಣು ಯಾಕೋ ಹಿಂದಕ್ಕೆ ಹೊರಳಿತು. "ತಡ್ರಿ ಮೇಡಂ, ತಡ್ರಿ. 'ಮಡಕೆಗಳನ್ನು ಕಿಟಕಿಯ ಬಳಿ ಇಡತಕ್ಕದ್ದು. ಕಮಲಾಪುರ ಶಾಖೆಯಲ್ಲಿ ಶುಲ್ಕ ಸ್ವೀಕರಿಸುವ ಸಿಬ್ಬಂದಿ ಎಂದಿನಂತೆ ಮಂಗಳವಾರ ಹಾಗೂ ಶುಕ್ರವಾರ ಮಾತ್ರ ಆಗಮಿಸುವುದರಿಂದ ಆ ದಿನಗಳಂದು ಎರಡು ಮಡಕೆ ಹೆಚ್ಚುವರಿ ಇಡತಕ್ಕದ್ದು.'"

ಇಬ್ಬರೂ ಗೋಡೆಯ ಕ್ಯಾಲೆಂಡರಿನ ಕಡೆ ನೋಡಿದರು. ಹದಿನೆಂಟು ಸೋಮವಾರ.

"ಹೋದ ಸಲಾನೂ ಇದು ಮಡಕಿಯೊಳಗ ಇತ್ತೇನೋ!" ಎಂದು ಕಪಿಲ ಮೆಲ್ಲಗೆ ಹೇಳಿದ. ಸಿಟ್ಟೂ ಬಂತು, ನಗುವೂ ಬಂತು. ಮೇಡಂ ಕೈಯಿಂದ ಪೆನ್ನು ಇಸಿದುಕೊಂಡು ಶುಲ್ಕದ ಕಾಲಮ್ಮಿನಲ್ಲಿ ಹದಿನೆಂಟು ಹೊಡೆದು ಹಾಕಲು ಹೊರಟ.

"ಹೊಡೀಬ್ಯಾಡ್ರಿ," ಎಂದು ಮೇಡಂ ತಡೆದರು. "ಅವರು ಬರ್ದದ್ದು ಹದಿನೆಂಟು, ಖರೇ. ನಮ್ಮಲ್ಲಿ ಕಿಟಕಿ ತೆಗಿಯೋ ಕೊನೀ ದಿನ ಹದಿನೈದು, ಶುಕ್ರವಾರ. ಅದೂ ಖರೇ. ಎರಡೂ ಬರೀರಿ. ಆದ್ರ ಹದಿನೈದು ದೊಡ್ಡದಾಗಿ ಬರೀರಿ, ಗುಂಡಣ್ಣನ ಅಂಗಡಿಗೆ ಕಾಣಬೇಕು."

ಅಲ್ಲಿಗೆ ಮುಗಿದಿದ್ದರೆ ಕಪಿಲ ಅಂದು ಮಧ್ಯಾಹ್ನ ಒಂದು ಒಳ್ಳೆಯ ನಿದ್ದೆ ತೆಗೆಯುತ್ತಿದ್ದ. ಆದರೆ ಕಾಗದದ ಕಾಲಮ್ಮನ್ನು ಸಾಲಾಗಿ ಬರೆಯುವಾಗ ಅವನ ಕೈ ಮತ್ತೆ ನಿಂತಿತು. ಐದನೇ ಪುಟದ ತುದಿಯಲ್ಲಿ ಹೀಗಿತ್ತು: ಶುಲ್ಕದ ರಸೀದಿ ಲಗತ್ತಿಸಿದ ಅರ್ಜಿಗೆ ಮಾತ್ರ ವಿಭಾಗ ಮುಖ್ಯಸ್ಥರು ಸಹಿ ಮಾಡತಕ್ಕದ್ದು. ಕೊನೆಯ ಪುಟದಲ್ಲಿ ವೇದವ್ಯಾಸರ ಎಂದಿನ ಸಾಲು: ಹಿಂದಿನ ಸುತ್ತೋಲೆಯ ಉಳಿದ ಅಂಶಗಳು ಯಥಾವತ್ ಮುಂದುವರಿಯುವವು. ಈ ಸಾಲನ್ನು ಯಾರೂ ಓದುವುದಿಲ್ಲ, ಓದಿದರೂ ಹಿಂದಿನ ಸುತ್ತೋಲೆ ಹುಡುಕುವುದಿಲ್ಲ. ಸುಟ್ಟ ಬಾಯಿಯ ಕಪಿಲ ಹುಡುಕಿದ. ಫೈಲಿನಿಂದ ನವೆಂಬರಿನ ಸುತ್ತೋಲೆ ತೆಗೆದು ನೋಡಿದರೆ ಅಲ್ಲಿತ್ತು: ವಿಭಾಗ ಮುಖ್ಯಸ್ಥರ ಸಹಿ ಇರುವ ಅರ್ಜಿಗೆ ಮಾತ್ರ ಶುಲ್ಕ ಸ್ವೀಕರಿಸತಕ್ಕದ್ದು.

"ಮೇಡಂ, ನೀವು ರಸೀದಿ ಇಲ್ದ ಸಹಿ ಮಾಡಂಗಿಲ್ಲ. ನೋಮಾನ್ ನಿಮ್ಮ ಸಹಿ ಇಲ್ದ ರಸೀದಿ ಕೊಡಂಗಿಲ್ಲ. ಹುಡುಗ್ರು ಏನ್ ಮಾಡ್ಬೇಕ್ರಿ?"

ಮಂಜುಷಾ ಮೇಡಂ ಎರಡೂ ಹಾಳೆ ನೋಡಿದರು. "ಎರಡು ಮಡಕಿ ನೀರು ಕುಡೀಬೇಕು," ಎಂದರು.

"ನೀವು ಸುಮ್ನ ಮೊದ್ಲ ಸಹಿ ಮಾಡಿಬಿಡ್ರಿ. ಯಾರು ಕೇಳ್ತಾರ?"

"ನೋಮಾನ್ ಕೇಳ್ತಾನ. ಹೊಸ ಸುತ್ತೋಲೆ ಅವನ ಕೈಯಾಗೂ ಅದ. ರಸೀದಿ ಇಲ್ದ ಸಹಿ ಹೆಂಗ ಬಂತು ಅಂತ ಅರ್ಜಿ ವಾಪಸ್ ಮಾಡಿದ್ರ, ಮುಂದಿನ ಮಂಗಳವಾರ ದಂಡ. ನಾವು ಊಹಾ ಮಾಡೋದಲ್ಲ ಕಪಿಲಣ್ಣ. ಬರ್ದವರನ್ನ ಕೇಳೋದು. ನಾಳೆ ಐತವಾರ, ನಮ್ಮ ಕಾಕಾನ ಮನಿಗೆ ಬರ್ರಿ. ಅವನ ಮುಂದ ಕೂಡ್ಸತೀನಿ."

ಹಾಳೆಯ ಮೂರನೇ ಕಾಲಮ್ಮಿನಲ್ಲಿ ರಸೀದಿಯ ಎದುರು ಒಂದು ದೊಡ್ಡ ಪ್ರಶ್ನಾರ್ಥಕ ಚಿಹ್ನೆ ಬಿತ್ತು. ಅದನ್ನು ಹಾಗೆಯೇ ಬಿಟ್ಟು ಫಲಕಕ್ಕೆ ಅಂಟಿಸುವಂತಿರಲಿಲ್ಲ.

ಬ್ರಹ್ಮಪುರದ ಓಣಿಯಲ್ಲಿ ವೇದವ್ಯಾಸರ ಮನೆ ಹುಡುಕಲು ಕಷ್ಟವಾಗಲಿಲ್ಲ. ಬಾಗಿಲ ಪಕ್ಕದ ಹೆಸರಿನ ಫಲಕವೇ ಒಂದು ಪರಿಚ್ಛೇದದಷ್ಟಿತ್ತು. ಕಪಿಲ ಚಪ್ಪಲಿ ಬಿಟ್ಟು ಹೊಸ್ತಿಲ ಹೊರಗೇ ನಿಂತ. ವೇದವ್ಯಾಸರ ಹೆಂಡತಿ ಚಂದ್ರಾಬಾಯಿ ಒಳಗಿನಿಂದ, "ಒಳಗ ಬರ್ರಿ ತಮ್ಮಾ, ಬಿಸಿಲಾಗ ನಿಂತು ಕಮಲಾಪುರದ ಬಾಳಿಹಣ್ಣಿನಂಗ ಕೆಂಪಾಗ್ಯಾರ ನೋಡು ಪಾಪ" ಎಂದು ಕರೆದು, ಫ್ಯಾನಿನ ಕೆಳಗಿನ ಕುರ್ಚಿ ತೋರಿಸಿ ಮಜ್ಜಿಗೆ ಕೊಟ್ಟರು. ಅವನು ತಂದಿದ್ದ ಕಮಲಾಪುರದ ಕೆಂಪು ಬಾಳೆಹಣ್ಣಿನ ಚಿಪ್ಪು ಅವರ ಕೈ ಸೇರಿತು.

ವೇದವ್ಯಾಸರು ಚಷ್ಮಾ ಏರಿಸಿಕೊಂಡು ಮೂರು ಕಾಲಮ್ಮಿನ ಹಾಳೆ ನೋಡಿದರು. ತಿರುವಿ ಹಿಂಬದಿ ನೋಡಿದರು. ಅಲ್ಲಿ ಏನೂ ಇರಲಿಲ್ಲ.

"ಉಳಿದದ್ದೆಲ್ಲಿ?"

"ಇಷ್ಟ ಕಾಕಾ," ಎಂದರು ಮಂಜುಷಾ.

"ನಾನು ಏಳು ಪುಟ ಬರ್ದೀನಿ ಮಂಜೂ."

"ಹೌದು ಕಾಕಾ. ಹುಡುಗ್ರಿಗೆ ಬೇಕಾದದ್ದು ಇಷ್ಟರಾಗ ಅದ."

"ಸಂಸ್ಥಾಪಕರು?"

"ಅವರು ಪರೀಕ್ಷಾಕ್ಕ ಕೂಡಂಗಿಲ್ಲಲ್ಲ."

ವೇದವ್ಯಾಸರ ಮುಖ ಸಣ್ಣದಾಯಿತು. ಕಪಿಲನಿಗೆ ಒಂದು ಕ್ಷಣ ಅವರ ಮೇಲೆ ಕನಿಕರ ಹುಟ್ಟಿತು. ಒಬ್ಬ ಮನುಷ್ಯ ಕೂತು ಏಳು ಪುಟ ಬರೆಯುವುದೆಂದರೆ ಸಣ್ಣ ಮಾತಲ್ಲ. ತನಗೆ ಅರ್ಧ ದಿನದ ರಜಾ ಅರ್ಜಿಯಲ್ಲೇ ಬೆವರು ಬರುತ್ತದೆ. "ಸಾಹೇಬ್ರ, ಬರವಣಿಗಿ ಭಾಳ ಛಂದ ಅದರಿ," ಎಂದ. "ಆದ್ರ ಒಂದು ಕಡೆ ನನಗ ದಾರಿ ಸಿಗವಲ್ದು. ನೀವ ತೋರಿಸ್ಬೇಕ್ರಿ. ಒಂದು ಗಳಿಗಿ ನೀವು ನಮ್ಮ ಕಾಲೇಜಿನ ಹುಡುಗ ಅಂತ ತಿಳಕೋರಿ."

"ನಾನು?"

"ಆಗು ಕಾಕಾ," ಎಂದರು ಮಂಜುಷಾ, ಸೋಫಾದ ಮೇಲೆ ನೆಟ್ಟಗೆ ಕೂತು. "ನಾನು ವಿಭಾಗ ಮುಖ್ಯಸ್ಥೆ. ಅಡಗಿಮನಿ ಬಾಗಿಲು ಶುಲ್ಕದ ಕಿಟಕಿ. ಕಾಕೂ, ನೀ ನೋಮಾನ್. ಸಹಿ ಇಲ್ಲದ ಅರ್ಜಿಗೆ ರಸೀದಿ ಕೊಡಬ್ಯಾಡ."

"ಯಾರಿಗೂ ಏನೂ ಕೊಡಬಾರದು ಅಷ್ಟ ಅಲ್ಲ? ಆತು," ಎಂದು ಚಂದ್ರಾಬಾಯಿ ಸೌಟು ಹಿಡಿದು ಬಾಗಿಲಲ್ಲಿ ನಿಂತರು.

ವೇದವ್ಯಾಸರು ಸುತ್ತೋಲೆಯ ಹಾಳೆಯನ್ನೇ ಅರ್ಜಿ ಮಾಡಿಕೊಂಡು ಸೋಫಾದ ಹತ್ತಿರ ಬಂದರು. "ಸಹಿ ಮಾಡ್ರಿ ಮೇಡಂ."

"ರಸೀದಿ ಎಲ್ಲಿ? ಪುಟ ಐದು. ರಸೀದಿ ಇಲ್ಲದ ಸಹಿ ಇಲ್ಲ."

ಅಡುಗೆಮನೆಗೆ ನಡೆದರು. "ರಸೀದಿ ಕೊಡ್ರಿ."

"ಸಹಿ ಎಲ್ಲಿ?" ಎಂದು ಚಂದ್ರಾಬಾಯಿ ಸೌಟು ಅಡ್ಡ ಹಿಡಿದರು. "ಸಹಿ ಇಲ್ಲಂದ್ರ ಹೋಗ್ರಿ. ಹಿಂದ ಭಾಳ ಮಂದಿ ನಿಂತಾರ."

"ಹಿಂದ ಯಾರೂ ಇಲ್ಲಲ್ಲೇ!"

"ನಾನು ನಿಂತೀನ್ರಿ," ಎಂದ ಕಪಿಲ, ಮಜ್ಜಿಗೆ ಲೋಟದೊಂದಿಗೆ ಅವರ ಬೆನ್ನ ಹಿಂದೆ ಬಂದು.

ಸೋಫಾಗೆ ಬಂದರು. ಅಡುಗೆಮನೆಗೆ ಹೋದರು. ಮತ್ತೆ ಸೋಫಾ. ಎರಡನೇ ಸುತ್ತಿನಲ್ಲಿ ಅವರ ದನಿ ಏರಿತು. ಮುಂದಿನ ಸುತ್ತಿನಲ್ಲಿ, "ಇದ್ಯಾವ ಮೂರ್ಖ ಮಾಡಿದ ನಿಯಮ?" ಎಂದು ಕೇಳಿ, ಕೇಳಿದವರು ಪಡಸಾಲೆಯ ನಡುವೆ ನಿಂತುಬಿಟ್ಟರು. ಕಪಿಲ ಲೋಟದೊಳಗೆ ನೋಡಿದ. ಚಂದ್ರಾಬಾಯಿ ಸೌಟಿನ ಹಿಂದೆ ನಗು ಮುಚ್ಚಿಕೊಳ್ಳಲು ನೋಡಿದರು, ಸೌಟು ಸಾಲಲಿಲ್ಲ.

ವೇದವ್ಯಾಸರು ಹೋಗಿ ಕುರ್ಚಿಯಲ್ಲಿ ಕೂತರು. "ಹೋದ ಸಲ ಕೆಲವರು ಸಹಿ ಮಾಡಿಸ್ಕೊಂಡು ಶುಲ್ಕನ ಕಟ್ಟಲಿಲ್ಲ. ಅದಕ್ಕ ರಸೀದಿ ಮೊದಲು ಅಂತ ಸೇರಿಸಿದೆ. ಹಳೀದು ತೆಗಿಯೋದು ಮರೆತೆ," ಎಂದರು. ಬಾಳೆಹಣ್ಣು ಸುಲಿದು ಅರ್ಧ ತಿಂದ ಮೇಲೆ ಕಪಿಲನತ್ತ ತಿರುಗಿ, "ನಿಮ್ಮಲ್ಲಿ ಹೆಂಗ ಮಾಡಿದ್ರ ಅನುಕೂಲ?" ಎಂದು ಕೇಳಿದರು.

"ಮೊದ್ಲ ಹಾಜರಾತಿ ನೋಡಿ ವಿಭಾಗದ ಮುದ್ರೆ ಅಷ್ಟ ಒತ್ತತೀವ್ರಿ. ಮುದ್ರೆ ನೋಡಿ ನೋಮಾನ್ ಶುಲ್ಕ ತಗೊಳ್ಳಿ. ರಸೀದಿ ಹಚ್ಚಿಕೊಂಡು ಬಂದ್ರ ಮೇಡಂ ಸಹಿ. ಆದ್ರ ಇದು ನಾ ಹೇಳಿದ್ರ ನಡಿಯಂಗಿಲ್ರಿ. ನಿಮ್ಮ ಕಾಗದ ಬೇಕು."

"ಬರ್ತದ. ನಾಳೆನ ಅಧ್ಯಕ್ಷರ ಸಹಿ ತಗೋತೀನಿ." ನಂತರ ಮೂರು ಕಾಲಮ್ಮಿನ ಹಾಳೆಯನ್ನು ಇನ್ನೊಮ್ಮೆ ನೋಡಿ, "ಒಂದು ಮಾತು ಖರೇ ಹೇಳ್ರಿ. ನನ್ನ ಸುತ್ತೋಲೆ ಪೂರಾ ಓದಾವ್ರು ಯಾರರ ಅದಾರೇನು?" ಎಂದರು.

"ನಾವು ಓದೀವಲ್ಲ ಕಾಕಾ."

"ನೀವು ಕಲ್ಲು ಆರಿಸಿದ್ರಿ. ಓದಲಿಲ್ಲ."

ಚಂದ್ರಾಬಾಯಿ ಅವರ ಮುಂದೆ ಇನ್ನೊಂದು ಬಾಳೆಹಣ್ಣು ಇಟ್ಟರು.

ತಿದ್ದುಪಡಿ ಸುತ್ತೋಲೆ ಮಂಗಳವಾರ ನೋಮಾನ್ ಕೈಯಲ್ಲೇ ಬಂತು. ಒಂದು ಸಾಲಿನ ತಿದ್ದುಪಡಿಗೆ ನಾಲ್ಕು ಪುಟ. ಕಪಿಲ ಈ ಸಲ ಒಂದು ಅಕ್ಷರವನ್ನೂ ದಾಟದೆ ಓದಿದ. ಮೊದಲು ಮುದ್ರೆ, ಆಮೇಲೆ ಶುಲ್ಕ, ಕೊನೆಗೆ ಸಹಿ ಎಂಬುದು ಮೂರನೇ ಪುಟದಲ್ಲಿ, ಸಹನೆಯ ಮಹತ್ವದ ಕೆಳಗೆ ಸಿಕ್ಕಿತು. ಪ್ರಶ್ನಾರ್ಥಕ ಚಿಹ್ನೆ ಹೊಡೆದು ಹಾಕಿ, ಹಾಳೆಯನ್ನು ಹೊಸದಾಗಿ ಬರೆದು, ಮೇಡಂಗೆ ತೋರಿಸಿ, ಫಲಕಕ್ಕೆ ಅಂಟಿಸಿದ. ವಾಟ್ಸಾಪ್ ಗುಂಪಿಗೂ ಹಾಕಿದ. 'ಕಮಲಾಪುರದಲ್ಲಿ ದಂಡವಿಲ್ಲದೆ ಕಟ್ಟಲು ಕೊನೆಯ ದಿನ: ಶುಕ್ರವಾರ, ಮೇ 15' ಎಂಬ ಸಾಲು ಕೆಂಪು ಶಾಯಿಯಲ್ಲಿತ್ತು. ಅದರ ಕೆಳಗೆ ಸಣ್ಣದಾಗಿ, 'ಸುತ್ತೋಲೆಯಲ್ಲಿ 18 ಇದೆ. ಅಂದು ಇಲ್ಲಿ ಕಿಟಕಿ ಇರುವುದಿಲ್ಲ.'

ಆ ಶುಕ್ರವಾರ ಕಾಲೇಜಿನ ಹೊರಸಾಲೆಯಲ್ಲಿ ಜಾತ್ರೆಯೇ ನೆರೆದಿತ್ತು. ಎರಡು ಮಡಕೆ ಹೆಚ್ಚುವರಿ ಇಟ್ಟದ್ದು ಒಳ್ಳೆಯದೇ ಆಯಿತು. ಕಪಿಲ ಮುದ್ರೆ ಒತ್ತಿ ಒತ್ತಿ ಹೆಬ್ಬೆರಳು ನೀಲಿ ಮಾಡಿಕೊಂಡ. ಸಾಲಿನ ಮುಂದೆಯೇ ಇದ್ದ ವಿಜಯಶ್ರೀ ರಸೀದಿ ಹಚ್ಚಿದ ಅರ್ಜಿಯನ್ನು ಮೇಡಂ ಸಹಿಗೆಂದು ವಿಭಾಗದ ಕಿಟಕಿಯಲ್ಲಿ ತೂರಿಸಿ, "ಸರ, ಬಾಳಿ ತ್ವಾಟದ ಸಾವ್ಕಾರ ಈ ಸಲಾನೂ ನನ್ನ ಹಾದಿ ನೋಡಾಕತ್ತಾನ. ಬರಂಗಿಲ್ಲ ಅಂತ ನೀವ ಹೇಳ್ರಿ," ಎಂದಳು.

"ನಾ ಯಾಕ ಹೇಳ್ಲೆವ್ವ?"

"ಹೋದ ಸಲ ಕೆಲಸಕ್ಕ ಹಚ್ಚಿದಾವ್ರು ನೀವ ಅಲ್ರಿ?"

ಅವಳೂ ನಕ್ಕಳು, ಹಿಂದೆ ನಿಂತವರೂ ನಕ್ಕರು. ಕಪಿಲನಿಗೆ ಈ ನಗು ಗಂಟಲಲ್ಲಿ ಸಿಕ್ಕಲಿಲ್ಲ.

ಸೋಮವಾರ, ಹದಿನೆಂಟನೇ ತಾರೀಖು, ಅವನು ಕಾಲು ಚಾಚಿ ಕೂತಿದ್ದಾಗ ಅಜಿತ ಬಂದ. ಚರ್ಚಾಸ್ಪರ್ಧೆಯಲ್ಲಿ ಬಹುಮಾನ ಗೆಲ್ಲುವ, ಇಸ್ತ್ರಿ ಮಾಡಿದ ಅಂಗಿಯ ಹುಡುಗ. ಕೈಯಲ್ಲಿ ಅರ್ಜಿ.

"ಏನೋ ಇವತ್ತು? ಶುಕ್ರವಾರ ಎಲ್ಲಿದ್ದಿ? ಚೀಟಿ ನೋಡಲಿಲ್ಲೇನು?"

"ಚೀಟಿ ಯಾಕ್ರಿ ಸರ? ನಾ ಮೂಲ ಸುತ್ತೋಲೆನ ಓದೀನಿ. ಪೂರಾ." ಅಜಿತನ ಎದೆ ಉಬ್ಬಿತ್ತು. "ಹದಿನೆಂಟು ಅಂತ ಸ್ಪಷ್ಟ ಅದ. 'ಬಂಗಾರವನ್ನು ಪುಟಕ್ಕಿಡುವ' ಅನ್ನೋ ಸಾಲು ನನ್ನ ಭಾಷಣಕ್ಕೂ ತಗೊಂಡೀನ್ರಿ."

"ಆರನೇ ಪುಟ ಓದಿದ್ಯಾ?"

ಹುಡುಗ ತಡವರಿಸಿದ. "ಕುಡಿಯೋ ನೀರಿನ ಮಾತು ಬಂತಲ್ರಿ... ಇನ್ನೇನು ಮುಗೀತು ಅಂತ ದಾಟಿದೆ."

ಕಪಿಲನಿಗೆ ಬೈಯುವ ಮನಸ್ಸಾಗಲಿಲ್ಲ. ದಾಟುವುದು ಎಷ್ಟು ಸುಲಭವೆಂದು ಅವನಿಗಿಂತ ಚೆನ್ನಾಗಿ ಬಲ್ಲವರು ಯಾರು? ಆದರೂ ದಂಡ ದಂಡವೇ. ತಾನು ಪಟ್ಟ ಪಾಡೆಲ್ಲ ಈ ಒಬ್ಬ ಪಂಡಿತನಿಂದ ನೀರಿನಲ್ಲಿ ಹೋಯಿತೆಂದು ಅವನು ಮೇಡಂ ಎದುರು ಗೋಳಾಡಿದ. ಮಂಜುಷಾ ಮೇಡಂ ಗೋಳು ಕೇಳಿ, ತುಟಿ ಕಚ್ಚಿಕೊಂಡು, ಅಲ್ಲಿಯೇ ಫೋನು ತೆಗೆದರು. ಸ್ಪೀಕರಿಗೆ ಹಾಕಿದರು.

"ಕಾಕಾ, ನಿನಗ ಒಬ್ಬ ಓದುಗ ಸಿಕ್ಕಾನ."

ಆ ಕಡೆ ಕುರ್ಚಿ ಸರಿದ ಸದ್ದು. "ಪೂರಾ ಓದ್ಯಾನೇನು?"

"ಮಡಕಿ ತನಕ ಓದ್ಯಾನ ಕಾಕಾ. ಅಲ್ಲಿ ಎಡವಿ ಬಿದ್ದು ದಂಡಕ್ಕ ಬಂದಾನ. ನಿನ್ನ ಬಂಗಾರದ ಸಾಲು ಅವಗ ಬಾಯಿಪಾಠ."

"ಬಂಗಾರದ ಸಾಲು!" ಎಂದರು ವೇದವ್ಯಾಸರು. ದನಿಯಲ್ಲಿ ಇಪ್ಪತ್ತು ವರ್ಷ ಕಡಿಮೆಯಾಗಿತ್ತು. "ಹುಡುಗನ ಹೆಸರೇನು? ಯಾರ ಮಗ? ಅವನ ದಂಡ ಅವನ ಕೈಲೆ ಕಟ್ಟಸಬ್ಯಾಡ ಮಂಜೂ. ನಾ ಕಳಸ್ತೀನಿ."

ಮಂಗಳವಾರ ನೋಮಾನ್ ಲಕೋಟೆ ತಂದ. ಅಜಿತನ ಹೆಸರಿನ ದಂಡದ ರಸೀದಿ ಹರಿದು ಕೊಡುತ್ತ, "ಈ ಸಲ ಕಮಲಾಪುರದಾಗ ದಂಡ ಕಟ್ಟಿದಾವ್ರು ಒಬ್ಬರ, ಅವರೂ ಬ್ರಹ್ಮಪುರದಾಗ ಇರ್ತಾರ!" ಎಂದು ಗಟ್ಟಿಯಾಗಿ ನಕ್ಕ. ಸುದ್ದಿ ಬಸ್ ಸ್ಟ್ಯಾಂಡಿಗೆ ತಲುಪಲು ನೋಮಾನನ ಬಸ್ಸಿಗಿಂತ ಕಡಿಮೆ ಹೊತ್ತು ಸಾಕಾಯಿತು.

ಸಂಜೆ ಕಪಿಲ ಬಂದು ಬೆಂಚಿನ ಮೇಲೆ ಕೂತಾಗ ಗುಂಡಣ್ಣ ಒಳಗಿನ ಕಡೆ ತಿರುಗಿ, "ದಂಡ..." ಎಂದು ಬಾಯಿ ತೆರೆದವನು ಹಾಗೆಯೇ ತಡೆದ.

"ಅಲ್ಲಲ್ಲ. ಅವರು ಕಲಬುರಗ್ಯಾಗ ಅದಾರ. ಕಪಿಲ ಸರಗ ಒಂದು ಕಡಕ್ ಚಾ."

ಕಪಿಲ ಚಹಾ ತೆಗೆದುಕೊಂಡ. ಹೆಬ್ಬೆರಳಿನ ನೀಲಿ ಇನ್ನೂ ಹೋಗಿರಲಿಲ್ಲ. ಅದು ಲೋಟಕ್ಕೆ ಹತ್ತದಂತೆ ನಾಲ್ಕು ಬೆರಳಿನಲ್ಲಿ ಹಿಡಿದು, ನಿಧಾನವಾಗಿ ಊದಿ ಕುಡಿದ.